ಗಿಗಾಬಿಟ್ ಬದಲು 100ರಲ್ಲೇ ನಿಲ್ಲುವ ಲಿಂಕ್

> "ರೂಟರ್, ಕಂಪ್ಯೂಟರ್ ಎರಡೂ ಗಿಗಾಬಿಟ್. ಆದ್ರೂ 100Mb/s ಮಾತ್ರ ಬರ್ತಿದೆ, ಆಗಾಗ ಲಿಂಕ್ ಹೋಗಿ ಬರುತ್ತೆ. ಕೇಬಲ್ ನಾನೇ ಕ್ರಿಂಪ್ ಮಾಡಿದ್ದು."

ಮೊದಲು ನೀಲಿ ಮತ್ತು ಕಂದು ಜೋಡಿಗಳನ್ನು ನೋಡಿ. 100ಕ್ಕೆ 1-2 ಮತ್ತು 3-6ನೇ ಪಿನ್‌ಗಳ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಯಾವ ವೇಗದಲ್ಲಿ ಓಡಬೇಕೆಂಬ ಮಾತುಕತೆ ನಡೆಯುವುದೂ 1-2, 3-6 ಜೋಡಿಗಳ ಮೇಲೆಯೇ. ಹಾಗಾಗಿ ಎರಡೂ ಕಡೆಯವು 1000ಕ್ಕೆ ಒಪ್ಪಿಕೊಳ್ಳುತ್ತವೆ, ಆಮೇಲೆ 4-5ರ ನೀಲಿ ಅಥವಾ 7-8ರ ಕಂದು ಜೋಡಿ ಕೈಕೊಟ್ಟಾಗ ಲಿಂಕ್ ಬೀಳುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಕೆಲವು ಕಾರ್ಡ್‌ಗಳು ಸೋತು 100ಕ್ಕೆ ಇಳಿಯುತ್ತವೆ. ನಿಮಗೆ ಎರಡೂ ಆಗುತ್ತಿರುವುದರಿಂದ, ತಂತಿ ಪೂರ್ತಿ ತುಂಡಾಗಿರುವುದಕ್ಕಿಂತ ಸರಿಯಾಗಿ ತಾಗದಿರುವ ಸಾಧ್ಯತೆಯೇ ಹೆಚ್ಚು.

ಲಿನಕ್ಸ್ ಇದ್ದರೆ (`eth0` ಜಾಗದಲ್ಲಿ ನಿಮ್ಮ ಇಂಟರ್‌ಫೇಸ್ ಹೆಸರು):

```
ethtool eth0
sudo ethtool --cable-test eth0
```

ಮೊದಲನೆಯದು ಈಗಿನ ಲಿಂಕ್ ವೇಗ ತೋರಿಸುತ್ತದೆ, ಎರಡನೆಯದು ಕೇಬಲ್ ಪರೀಕ್ಷಿಸುತ್ತದೆ. ಎರಡನೆಯದನ್ನು ಎಲ್ಲ ಕಾರ್ಡ್‌ಗಳೂ ಬೆಂಬಲಿಸುವುದಿಲ್ಲ, ಪರೀಕ್ಷೆಯ ವೇಳೆ ಲಿಂಕ್ ಕಡಿಯುತ್ತದೆ. ಬೆಂಬಲವಿದ್ದರೆ ಯಾವ ಜೋಡಿ ಓಪನ್ ಎಂದು ತೋರಿಸುತ್ತದೆ. ದೂರವೂ ಬಂದರೆ ಯಾವ ತುದಿ ಕೆಟ್ಟಿದೆ ಎಂದು ತಿಳಿಯುತ್ತದೆ.

ಈಗ ಪ್ಲಗ್ಗನ್ನು ಬೆಳಕಿಗೆ ಹಿಡಿದು ಮೂತಿಯ ಕಡೆಯಿಂದ ನೋಡಿ. ಎಂಟೂ ತಾಮ್ರದ ತುದಿಗಳು ಪ್ಲಗ್ಗಿನ ಮುಂದಿನ ಗೋಡೆಗೆ ತಾಗಿರಬೇಕು. ಅಂಚಿನಲ್ಲಿರುವ ಕಂದು ತಂತಿ ಒಂದು ಮಿಲಿಮೀಟರ್ ಹಿಂದೆ ಉಳಿದರೂ ಪಿನ್ನಿನ ಹಲ್ಲು ಅದನ್ನು ಅರೆಬರೆ ಕಚ್ಚುತ್ತದೆ, ಕೇಬಲ್ ಅಲುಗಿದಾಗ ಬಿಡುತ್ತದೆ.

ಹಾಗಿದ್ದರೆ ಆ ಪ್ಲಗ್ಗನ್ನು ಮತ್ತೆ ಒತ್ತಬೇಡಿ, ಕತ್ತರಿಸಿ ಹೊಸದು ಹಾಕಿ. ತಿರುಚನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರಕವಚ ಪ್ಲಗ್ಗಿನೊಳಗೆ ಸಿಕ್ಕಿಕೊಂಡಿರಲಿ, ಇಲ್ಲದಿದ್ದರೆ ಎಳೆತವೆಲ್ಲ ತಂತಿಗಳ ಮೇಲೆ ಬೀಳುತ್ತದೆ. ಗಟ್ಟಿ ಒಂಟಿ ಎಳೆಯ ತಂತಿಯಾದರೆ ಅದಕ್ಕೆಂದೇ ಇರುವ ಪ್ಲಗ್ ಬೇಕು.