ಇಂಟರ್ನಲ್ ಸ್ಟ್ಯಾಂಡರ್ಡ್ ಅರ್ಧಕ್ಕೆ ಇಳಿದರೆ ಆ ರಿಸಲ್ಟ್ ನಂಬಬಹುದಾ?

"ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಪ್ಲಾಸ್ಮಾದ ಇಮಾಟಿನಿಬ್ ಔಷಧ ಅಳೆಯುತ್ತಿದ್ದೇನೆ. ಒಂದೇ ಒಂದು ಸ್ಯಾಂಪಲ್‌ನಲ್ಲಿ ಇಂಟರ್ನಲ್ ಸ್ಟ್ಯಾಂಡರ್ಡ್ ಪೀಕ್ ಅರ್ಧ ಇದೆ. ರೇಶಿಯೋ ಸರಿಪಡಿಸುತ್ತೆ ಅಂತ ರಿಸಲ್ಟ್ ಕೊಟ್ಟುಬಿಡಬಹುದಾ?"

ಈಗಲೇ ಕೊಡಬೇಡಿ. ಯಾಕೆ ಅರ್ಧವಾಯಿತು ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಿಮ್ಮ ಅಂಕಿಗಳಿಲ್ಲ, ಹಾಗಾಗಿ ಒಂದು ಲೆಕ್ಕ ಹಾಕೋಣ. ಬೇರೆ ಸ್ಯಾಂಪಲ್‌ಗಳಲ್ಲಿ ಸ್ಟ್ಯಾಂಡರ್ಡ್‌ನ ಏರಿಯಾ 2,00,000, ಇದರಲ್ಲಿ 1,00,000. ಔಷಧದ ಏರಿಯಾ 60,000. ಔಷಧವನ್ನು ಸ್ಟ್ಯಾಂಡರ್ಡ್‌ನಿಂದ ಭಾಗಿಸಿದರೆ ರೇಶಿಯೋ 0.6 ಬಂತು. ಅಯಾನ್ ಸಪ್ರೆಶನ್, ಅಂದರೆ ಪ್ಲಾಸ್ಮಾದ ಬೇರೆ ವಸ್ತುಗಳು ಸಿಗ್ನಲ್ ಕುಗ್ಗಿಸುವುದು, ಆಗಿದ್ದರೆ ಎರಡೂ ಪೀಕ್ ಒಟ್ಟಿಗೆ ಅರ್ಧವಾಗಿರುತ್ತವೆ. ಸಪ್ರೆಶನ್ ಇಲ್ಲದಿದ್ದರೆ 1,20,000 ಮತ್ತು 2,00,000 ಬರುತ್ತಿತ್ತು. ಆಗಲೂ 0.6. ರಿಸಲ್ಟ್ ಸರಿ. ಆದರೆ ಪಿಪೆಟ್‌ನಿಂದ ಸ್ಟ್ಯಾಂಡರ್ಡ್ ಅರ್ಧವೇ ಬಿದ್ದಿದ್ದರೆ ನಿಜವಾದ ರೇಶಿಯೋ 0.3. ನೀವು ಕೊಡೋದು ದುಪ್ಪಟ್ಟು! ಮೆಷಿನ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲು ಅದೇ ವಯಲ್ ಮತ್ತೆ ಇಂಜೆಕ್ಟ್ ಮಾಡಿ. ಪೀಕ್ ಸರಿಹೋದರೆ ಇಂಜೆಕ್ಷನ್ ಸಮಸ್ಯೆ. ಹಾಗೇ ಇದ್ದರೆ ಅದೇ ಪ್ಲಾಸ್ಮಾವನ್ನು ಮೊದಲಿನಿಂದ ಎಕ್ಸ್‌ಟ್ರಾಕ್ಟ್ ಮಾಡಿ. ಪಿಪೆಟ್ ತಪ್ಪಾಗಿದ್ದರೆ ಈ ಸಲ ಸ್ಟ್ಯಾಂಡರ್ಡ್ ಮೇಲೇಳುತ್ತದೆ. ನನಗೆ ಒಮ್ಮೆ ಹೀಗೇ ಆಗಿತ್ತು: ಎರಡನೇ ಸಲ ಏರಿಯಾ ಸರಿಯಾಯಿತು, ಔಷಧದ ಮಟ್ಟ ಅರ್ಧಕ್ಕಿಳಿಯಿತು. ಅವತ್ತಿನಿಂದ ಸ್ಟ್ಯಾಂಡರ್ಡ್ ಏರಿಯಾ ನೋಡದೆ ಯಾವ ಬ್ಯಾಚನ್ನೂ ಬಿಟ್ಟಿಲ್ಲ.

ಎರಡನೇ ಸಲವೂ ಅರ್ಧವೇ ಬಂದರೆ ಸಪ್ರೆಶನ್ ಇರಬಹುದು. ಇಲ್ಲೊಂದು ಸೂಕ್ಷ್ಮ ಇದೆ. ನೀವು ಸ್ಟ್ಯಾಂಡರ್ಡ್ ಆಗಿ ಎಂಟು ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಇಮಾಟಿನಿಬ್-ಡಿ8 ಬಳಸುತ್ತಿದ್ದರೆ ಔಷಧಕ್ಕೆ m/z 494 → 394, ಸ್ಟ್ಯಾಂಡರ್ಡ್‌ಗೆ 502 → 394 ನೋಡುತ್ತಿರುತ್ತೀರಿ. ಎಂಟು ಡ್ಯೂಟೀರಿಯಂ ಇರುವ ತುಂಡೇ ಕೊಲಿಶನ್ ಸೆಲ್‌ನಲ್ಲಿ ಕಳಚಿಹೋಗುತ್ತದೆ, ಅದಕ್ಕೇ ಕೊನೆಯಲ್ಲಿ ಎರಡಕ್ಕೂ 394. ಬೇರ್ಪಡಿಸುವ ಕೆಲಸ ಪೂರ್ತಿ ಮೊದಲ ಕ್ವಾಡ್ರುಪೋಲ್‌ನದು. ಇದು ಪರವಾಗಿಲ್ಲ. ತೊಂದರೆ ಕಾಲಂನಲ್ಲಿ: ಡ್ಯೂಟೀರಿಯಂ ಜಾಸ್ತಿ ಇದ್ದಷ್ಟೂ ಸ್ಟ್ಯಾಂಡರ್ಡ್ ಔಷಧಕ್ಕಿಂತ ತುಸು ಮುಂಚೆ ಹೊರಬರುತ್ತದೆ. ಆ ತುಸು ಅಂತರದಲ್ಲೇ ಫಾಸ್ಫೋಲಿಪಿಡ್‌ಗಳು ಬಂದರೆ ಒಂದು ಪೀಕ್ ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ರೇಶಿಯೋ ಕಾಪಾಡುವುದಿಲ್ಲ.

ಎರಡೂ ಟ್ರೇಸ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಜೊತೆಗೆ 184 → 184 ಚಾನಲ್ ಸೇರಿಸಿ, ಫಾಸ್ಫಟಿಡೈಲ್‌ಕೋಲಿನ್‌ಗಳು ಎಲ್ಲಿ ಬರುತ್ತಿವೆ ಅಂತ ಅದರಲ್ಲಿ ಕಾಣುತ್ತದೆ. ಆಮೇಲೆ ಸ್ಯಾಂಪಲನ್ನು ಔಷಧವಿಲ್ಲದ ಪ್ಲಾಸ್ಮಾದಲ್ಲಿ ನಾಲ್ಕು ಪಟ್ಟು ಡೈಲ್ಯೂಟ್ ಮಾಡಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಮೊದಲಿನ ಉತ್ತರಕ್ಕೆ ಶೇ. 15ರೊಳಗೆ ಹೊಂದಿದರೆ ರಿಸಲ್ಟ್ ಕೊಡಿ. ಹೊಂದದಿದ್ದರೆ ಗ್ರೇಡಿಯಂಟ್ ಬದಲಿಸಿ ಲಿಪಿಡ್‌ಗಳನ್ನು ದೂರ ಸರಿಸಬೇಕು, ಇಲ್ಲವೇ ಕಾರ್ಬನ್-13 ಲೇಬಲ್‌ನ ಸ್ಟ್ಯಾಂಡರ್ಡ್ ತರಿಸಬೇಕು. ಅದು ಔಷಧದ ಜೊತೆಜೊತೆಗೇ ಹೊರಬರುತ್ತದೆ.