ರೈತ ಫ್ಯೂಚರ್ಸ್‌ನಲ್ಲಿ ಮಾರಿದರೆ ಎದುರಿಗೆ ಕೊಳ್ಳೋರು ಯಾರು?

"ರೈತರು ಬೆಲೆ ಬೀಳುವ ಭಯಕ್ಕೆ ಫ್ಯೂಚರ್ಸ್‌ನಲ್ಲಿ ಮಾರ್ತಾರೆ ಅಂತಾರೆ. ಹಾಗಾದ್ರೆ ಕೊಳ್ಳೋರು ಯಾರು? ಬರೀ ಸಟ್ಟಾದವರಾ? ರೈತನಿಗೆ ಲಾಭ ಆದ್ರೆ ಅವರಿಗೆ ನಷ್ಟ ತಾನೇ, ಮತ್ತೆ ಯಾಕೆ ಬರ್ತಾರೆ?"

ಚಾಮರಾಜನಗರ ಕಡೆಯ ಒಂದು ರೈತ ಕಂಪನಿಯಲ್ಲಿ ನಾನು ಕೆಲವು ವರ್ಷ ಲೆಕ್ಕ ನೋಡಿಕೊಳ್ಳುತ್ತಿದ್ದೆ. ನಮ್ಮದು ಅರಿಶಿನ. ಇದೇ ಪ್ರಶ್ನೆಯನ್ನು ನಮ್ಮ ಸದಸ್ಯರು ಬೈಗುಳದ ಜೊತೆ ನನಗೆ ಕೇಳಿದ್ದರು. ಆ ಕತೆಯನ್ನೇ ಹೇಳುತ್ತೇನೆ. ಫ್ಯೂಚರ್ಸ್ ಅಂದರೆ ಮುಂದಿನ ಒಂದು ತಿಂಗಳ ಮಾಲಿಗೆ ಇವತ್ತೇ ದರ ಗೊತ್ತು ಮಾಡುವ ಒಪ್ಪಂದ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಡಿಸೆಂಬರ್‌ನಲ್ಲಿ ಬೆಳೆ ಇನ್ನೂ ಹೊಲದಲ್ಲೇ ಇತ್ತು. ಎನ್‌ಸಿಡಿಇಎಕ್ಸ್ ಎಂಬ ಕೃಷಿ ಸರಕುಗಳ ವಿನಿಮಯ ಕೇಂದ್ರದಲ್ಲಿ ಏಪ್ರಿಲ್ ಅರಿಶಿನವನ್ನು ಕ್ವಿಂಟಲ್‌ಗೆ 13,000ದಂತೆ ಒಂದು ಲಾಟ್, ಅಂದರೆ 5 ಟನ್ ಮಾರಿದೆವು. ಅಲ್ಲಿನ ದರ ನಿಜಾಮಾಬಾದ್ ಮಾರುಕಟ್ಟೆಯ ಲೆಕ್ಕದ್ದು. ನಮ್ಮೂರಲ್ಲಿ ಸಾಮಾನ್ಯವಾಗಿ ಅದಕ್ಕಿಂತ 800 ರೂಪಾಯಿ ಕಡಿಮೆ ಸಿಗುತ್ತಿತ್ತು. ಹಾಗಾಗಿ ನಮ್ಮ ಲೆಕ್ಕದಲ್ಲಿ ಕೈಗೆ ಬರಬೇಕಿದ್ದದ್ದು 12,200.

ಆವತ್ತು ನಮ್ಮಿಂದ ಕೊಂಡವರು ಯಾರು? ಮನಸ್ಸಿಗೆ ಮೊದಲು ಬರೋದು ಅರಿಶಿನ ಪುಡಿ ಮಾಡುವ ಮಿಲ್ಲು. ಅವರಿಗೆ ಬೆಲೆ ಏರುವ ಭಯ, ನಮಗೆ ಇಳಿಯುವ ಭಯ, ಜೋಡಿ ಸರಿಹೋಯಿತು ಅಲ್ವಾ? ಆದರೆ ಮಿಲ್ಲಿನವರು ತಿಂಗಳು ತಿಂಗಳು ಬೇಕಾದಷ್ಟೇ ಕೊಳ್ಳುತ್ತಾರೆ. ನಾವು ಮಾರಬೇಕೆಂದ ದಿನವೇ, ಅಷ್ಟೇ ಮಾಲಿಗೆ ಅವರು ಬಂದು ಕೂತಿರಬೇಕಲ್ಲ. ಮೇ ತಿಂಗಳಿಗೆ ಮಾಲು ಕೊಡುತ್ತೇನೆಂದು ಮೊದಲೇ ದರ ಒಪ್ಪಿಕೊಂಡ ರಫ್ತುದಾರ ಕೊಳ್ಳಬಹುದು, ಅದೂ ಆಗೊಮ್ಮೆ ಈಗೊಮ್ಮೆ. ಇನ್ನು ಗೋದಾಮಿನಲ್ಲಿ ಮಾಲು ತುಂಬಿಕೊಂಡ ವರ್ತಕ ನಮ್ಮ ಎದುರಾಳಿ ಅಂದುಕೊಳ್ಳುತ್ತೇವೆ. ಅವನೂ ಬೆಲೆ ಬೀಳುವ ಭಯಕ್ಕೆ ನಮ್ಮ ಥರ ಮಾರುವವನೇ! ಹೀಗೆ ಮಾರುವವರು ಜಾಸ್ತಿ, ಕೊಳ್ಳುವವರು ಕಡಿಮೆ ಇರುವ ದಿನ ಆ ಅಂತರ ತುಂಬುವವನೇ ಸಟ್ಟಾದವನು.

ಅವನೇನು ಏಪ್ರಿಲ್‌ವರೆಗೂ ನಮ್ಮ ಎದುರು ಕೂತಿರುವುದಿಲ್ಲ. ಬೆಳಿಗ್ಗೆ ನಮ್ಮಿಂದ ಕೊಂಡದ್ದನ್ನು ಮಧ್ಯಾಹ್ನವೇ ಇನ್ನೊಬ್ಬನಿಗೆ ದಾಟಿಸಿರುತ್ತಾನೆ. ಎಷ್ಟೋ ಸಲ ಅವನು ಹಿಂದಿನ ದಿನ ತಾನೇ ಮಾರಿದ್ದನ್ನು ಮರಳಿ ಕೊಂಡು ಲೆಕ್ಕ ಮುಗಿಸಿಕೊಳ್ಳುತ್ತಿರುತ್ತಾನೆ ಅಷ್ಟೇ. ವಹಿವಾಟು ಆದ ಮೇಲೆ ಇಬ್ಬರ ಮಧ್ಯೆ ಕ್ಲಿಯರಿಂಗ್ ಸಂಸ್ಥೆ ಬರುತ್ತದೆ. ನಮಗೆ ಕೊಳ್ಳುವವನೂ ಅದೇ, ಅವನಿಗೆ ಮಾರುವವನೂ ಅದೇ. ಹಾಗಾಗಿ ನಮ್ಮ ಲಾಭಕ್ಕೂ ಆ ಮನುಷ್ಯನ ನಷ್ಟಕ್ಕೂ ನೇರ ಗಂಟು ಇರುವುದಿಲ್ಲ. ಅವನು ಬರುವುದು ಚಿಲ್ಲರೆ ಲಾಭಕ್ಕೆ: 13,000ಕ್ಕೆ ಕೊಂಡು 13,050ಕ್ಕೆ ದಾಟಿಸಲು. ದಿನಗಟ್ಟಲೆ ಇಟ್ಟುಕೊಳ್ಳುವವನಾದರೆ ಬೆಲೆ ಏರುತ್ತದೆಂಬ ಅವನ ಅಂದಾಜಿನ ಮೇಲೆ.

ಈಗ ನಮ್ಮ ಎಡವಟ್ಟು. ಫೆಬ್ರವರಿಯಲ್ಲಿ ಫ್ಯೂಚರ್ಸ್ 15,000 ಮುಟ್ಟಿತು. ಕ್ವಿಂಟಲ್‌ಗೆ 2,000 ಏರಿದರೆ 50 ಕ್ವಿಂಟಲ್‌ಗೆ ಒಂದು ಲಕ್ಷ. ಮಾರಿದವರು ಈ ಏರಿಕೆಯನ್ನು ಆಯಾ ದಿನವೇ ನಗದಾಗಿ ಕಟ್ಟುತ್ತಾ ಹೋಗಬೇಕು. ಹೊಲದ ಅರಿಶಿನದ ಬೆಲೆಯೂ ಅಷ್ಟೇ ಏರಿದೆ, ನಿಜ. ಆದರೆ ಆ ಏರಿಕೆ ಬ್ಯಾಂಕ್ ಖಾತೆಯಲ್ಲಿ ಕಾಣುವುದಿಲ್ಲ, ಹೋದ ಲಕ್ಷ ಮಾತ್ರ ಕಾಣುತ್ತದೆ. "ನಮ್ಮ ಲಕ್ಷ ಯಾವ ಸಟ್ಟಾದವನ ಮನೆ ಸೇರ್ತು?" ಅಂತ ಸಭೆಯಲ್ಲಿ ಗಲಾಟೆ. ನಾನೂ ಗಟ್ಟಿ ನಿಲ್ಲಲಿಲ್ಲ. 15,000ಕ್ಕೆ ಮರಳಿ ಕೊಂಡು ವ್ಯವಹಾರ ಮುಗಿಸಿದೆವು.

ಏಪ್ರಿಲ್‌ಗೆ ಫ್ಯೂಚರ್ಸ್ 12,500ಕ್ಕೆ ಇಳಿಯಿತು. ನಮ್ಮೂರ ದರ 11,700. ಮುಟ್ಟದೆ ಬಿಟ್ಟಿದ್ದರೆ ಫ್ಯೂಚರ್ಸ್‌ನಲ್ಲಿ 500 ಬರುತ್ತಿತ್ತು, ಒಟ್ಟು ಅದೇ 12,200. ನಾವು 2,000 ಕಳೆದುಕೊಂಡಿದ್ದರಿಂದ ಉಳಿದದ್ದು 9,700. ಬೆಲೆ ಅಲ್ಲೇ 15,000ದಲ್ಲಿ ನಿಂತಿದ್ದರೂ ಲೆಕ್ಕ ಕೂಡುತ್ತಿತ್ತು: ಊರಲ್ಲಿ 14,200ಕ್ಕೆ ಮಾರಿ 2,000 ಕಳೆದರೆ ಮತ್ತೆ 12,200. ಬೆಲೆ ಬೀಳುವ ಭಯಕ್ಕೆ ಮಾಡಿಕೊಂಡಿದ್ದ ರಕ್ಷಣೆಯನ್ನು, ಅಂದರೆ ಹೆಡ್ಜ್ ಅನ್ನು ಮುರಿದ ಕ್ಷಣದಿಂದ ಬೆಲೆ ಮೇಲೆ ಬಾಜಿ ಕಟ್ಟಿದವರು ನಾವೇ. ಆಗ ಸಟ್ಟಾದವರು ನಾವೋ ಅವರೋ?

ಹೆಡ್ಜ್‌ನಿಂದಲೂ ನೀಗದ ಅಪಾಯ ಒಂದಿದೆ. ನಿಜಾಮಾಬಾದ್‌ಗೂ ನಮ್ಮೂರಿಗೂ ಇರುವ 800ರ ವ್ಯತ್ಯಾಸ 1,200 ಆದರೆ ಕೈಗೆ 11,800 ಮಾತ್ರ. ಅದನ್ನು ಎದುರಿನವನು ಹೊರುವುದಿಲ್ಲ. ಅವನು ಕೊಂಡದ್ದು ನಿಜಾಮಾಬಾದ್ ಲೆಕ್ಕದ ದರವನ್ನು ಮಾತ್ರ.

ನೀವೂ ಹೀಗೆ ಫ್ಯೂಚರ್ಸ್‌ನಲ್ಲಿ ಮಾರಲು ಹೊರಟಿದ್ದರೆ ಮೊದಲು ಪರದೆಯಲ್ಲಿ ಕೊಳ್ಳುವ ದರ, ಮಾರುವ ದರ ಎರಡೂ ನೋಡಿ. 13,000 ಮತ್ತು 13,020 ಇದ್ದರೆ ಎದುರಿಗೆ ಜನ ಇದ್ದಾರೆ ಅಂತ. 12,800 ಮತ್ತು 13,200 ಇದ್ದರೆ ಸಟ್ಟಾದವರೂ ಆ ತಿಂಗಳ ಒಪ್ಪಂದದ ಹತ್ತಿರ ಸುಳಿದಿಲ್ಲ. ಅಲ್ಲಿ ನೀವು ಅವಸರಕ್ಕೆ ಮಾರಿದರೆ ಒಳಗೆ ಹೋಗುವಾಗಲೇ 200 ರೂಪಾಯಿ ಹೋಯಿತು, ಹೊರಗೆ ಬರುವಾಗ ಇನ್ನೊಂದು 200.