‘ಗಮನ ಸಾಲದು’ ಎಂಬ ಸಾಲಿನ ಬದಲು ಏನು ಬರೆಯಲಿ?

*ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ನಾನು. ಓಣಂ ಪರೀಕ್ಷೆಯ ಪ್ರಗತಿ ಪತ್ರದಲ್ಲಿ ಒಬ್ಬ ಹುಡುಗನಿಗೆ ‘ಓದಿನಲ್ಲಿ ಹಿಂದೆ, ಗಮನ ಸಾಲದು’ ಎಂದು ಬರೆದೆ. ಮರುದಿನ ಅವನ ಕೈಮೇಲೆ ಬಾಸುಂಡೆ. ಈಗ ಕ್ರಿಸ್‌ಮಸ್ ಪರೀಕ್ಷೆಯ ಪತ್ರ ಬರೆಯಬೇಕು. ‘ಉತ್ತಮ’ ಎಂದರೆ ಸುಳ್ಳು, ನಿಜ ಬರೆದರೆ ಪೆಟ್ಟು. ಏನು ಮಾಡಲಿ?*

ಟೀಚರ್, ‘ಉತ್ತಮ’ ಖಂಡಿತ ಬೇಡ. ‘ಗಮನ ಸಾಲದು’ ಎಂಬುದು ಹುಡುಗನ ಗುಣದ ಮೇಲಿನ ತೀರ್ಪು. ಅವನು ಎಲ್ಲಿ ತಡವರಿಸುತ್ತಾನೆ, ತಾನೇನು ಮಾಡಬೇಕು ಎಂದು ಅದನ್ನು ಓದಿದ ತಂದೆಗೆ ತಿಳಿಯುವುದಿಲ್ಲ. ಸಿಟ್ಟು ಮಾತ್ರ ಬರುತ್ತದೆ.

ಬರೆಯುವ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿ ಪಾಠದ ಒಂದು ಪ್ಯಾರಾ ಓದಿಸಿ. ನಿಲ್ಲುವ ಪದಗಳಿಗೆ ನಿಮ್ಮ ಪ್ರತಿಯಲ್ಲಿ ಗೆರೆ ಎಳೆಯಿರಿ. ಈ ವಯಸ್ಸಿನಲ್ಲಿ ತೊಡಕು ಹೆಚ್ಚಾಗಿ ಒತ್ತಕ್ಷರದ್ದು. ಅಕ್ಕ, ಹಣ್ಣು ಮುಂತಾದ ಸಜಾತೀಯ ಒತ್ತು ಬರುತ್ತದೆ, ಪುಸ್ತಕ, ಚಂದ್ರ ಬಂದಾಗ ಮಗು ನಿಲ್ಲುತ್ತದೆ. ಅರ್ಕಾವತ್ತು ಇನ್ನೂ ಕಷ್ಟ. ‘ಸೂರ್ಯ’ದಲ್ಲಿ ಅದನ್ನು ಬರೆಯುವುದು ‘ಯ’ ಆದಮೇಲೆ, ಉಚ್ಚರಿಸುವುದು ಅದಕ್ಕೆ ಮೊದಲು. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ ಮಗು ‘ಸೂಯ್ರ’ ಎನ್ನುತ್ತದೆ. ಇದಕ್ಕೂ ಗಮನಕ್ಕೂ ಸಂಬಂಧವೇ ಇಲ್ಲ. ಇಂಥ ಹತ್ತು ಪದಗಳನ್ನು ಬೇರೆಯಾಗಿ ಓದಿಸಿ, ಎಷ್ಟು ಸರಿ ಎಂದು ಗುರುತು ಹಾಕಿಕೊಳ್ಳಿ. ನಾಲ್ಕು ಸರಿಯಾದವು ಎಂದಿಟ್ಟುಕೊಂಡರೆ ಹೀಗೆ ಬರೆಯಬಹುದು:

“ಕೇಳಿದ ಕಥೆಯನ್ನು ಕ್ರಮ ತಪ್ಪದೆ ಹೇಳುತ್ತಾನೆ. ಅಕ್ಕ, ಹಣ್ಣು ಬಗೆಯ ಪದಗಳನ್ನು ಸರಾಗವಾಗಿ ಓದುತ್ತಾನೆ. ಚಂದ್ರ, ಸೂರ್ಯ ಬಗೆಯ ಹತ್ತು ಪದಗಳಲ್ಲಿ ಈಗ ನಾಲ್ಕು ಬರುತ್ತವೆ. ಶಾಲೆಯಲ್ಲಿ ದಿನವೂ ಅಭ್ಯಾಸ ಮಾಡಿಸುತ್ತೇವೆ. ಮನೆಯಲ್ಲಿ ದಿನಕ್ಕೆ ಐದು ಪದ ಓದಿಸಿ ಕೇಳಿ. ತಪ್ಪಿದರೆ ಸರಿಯಾದುದನ್ನು ಹೇಳಿಕೊಟ್ಟು ಮುಂದೆ ಹೋಗಿ.”

ಮೊದಲ ವಾಕ್ಯ ನೀವು ಕಣ್ಣಾರೆ ಕಂಡದ್ದಾಗಿರಬೇಕು, ಇಲ್ಲದ ಹೊಗಳಿಕೆ ಹುಡುಗನಿಗೇ ಮೊದಲು ಗೊತ್ತಾಗುತ್ತದೆ. ಹೊಗಳಿಕೆಯ ಬೆನ್ನಿಗೆ ‘ಆದರೆ’ ಹಾಕಬೇಡಿ, ಮನೆಯವರು ಅದರ ನಂತರದ್ದನ್ನು ಮಾತ್ರ ಓದುತ್ತಾರೆ. ಗ್ರೇಡ್ ಎಷ್ಟಿದೆಯೋ ಅಷ್ಟೇ ಇರಲಿ. ಪತ್ರದಲ್ಲಿ ಜಾಗ ಸಾಲದಿದ್ದರೆ ಮನೆಯ ಕೆಲಸವನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಹೆತ್ತವರಿಗೆ ಕನ್ನಡ ಓದಲು ಬಾರದಿದ್ದರೆ ಪದದ ಕಾರ್ಡಿನ ಹಿಂದೆ ಚಿತ್ರ ಬರೆದುಕೊಡಿ. ಮಗು ಓದಿದ್ದು ಸರಿಯೇ ಎಂದು ಅವರೇ ನೋಡಬಹುದು.

ಇನ್ನು ಬಾಸುಂಡೆಯ ವಿಷಯ. ಎಷ್ಟು ಜಾಗ್ರತೆಯಿಂದ ಬರೆದರೂ ಈ ಪತ್ರವನ್ನು ಹುಡುಗನ ಕೈಯಲ್ಲಿ ಕಳಿಸಬೇಡಿ. ಮುಖ್ಯೋಪಾಧ್ಯಾಯರಿಗೆ ಈಗಲೇ ತಿಳಿಸಿ. ತಂದೆ ತಾಯಿ ಇಬ್ಬರನ್ನೂ ಕರೆಸಿ, ತುಳುವೋ ಮಲಯಾಳವೋ ಅವರ ಮನೆಮಾತಿನಲ್ಲೇ ಓದಿ ಹೇಳಿ, ಹೊಡೆದರೆ ಮಗು ಓದಲು ಇನ್ನಷ್ಟು ಹೆದರುತ್ತದೆ ಎಂದು ನೇರವಾಗಿ ಹೇಳಿ. ಮತ್ತೆ ಗಾಯ ಕಂಡರೆ 1098ಕ್ಕೆ, ಮಕ್ಕಳ ಸಹಾಯವಾಣಿಗೆ, ಕರೆ ಮಾಡಿ.

ಆ ಹತ್ತು ಪದಗಳ ಪಟ್ಟಿ ನಿಮ್ಮಲ್ಲೇ ಇರಲಿ. ಫೆಬ್ರವರಿಯಲ್ಲಿ ಅವನ್ನೇ ಓದಿಸಿ ನೋಡಿ, ವಾರ್ಷಿಕ ಪತ್ರದ ಮೊದಲ ವಾಕ್ಯ ಅಲ್ಲಿಂದಲೇ ಸಿಗಬಹುದು.